ಮನೆ ತಿಂಡಿಯ ಆನ್‌ಲೈನ್ ಅಂಗಡಿ: ಮೊದಲು ಬರೆಯಬೇಕಾದದ್ದು ಡೆಲಿವರಿ ಪುಟ

ಪ್ರಶ್ನೆ: ಮನೆಯಲ್ಲಿ ಮಾಡುವ ಚಕ್ಕುಲಿ, ಕೋಡುಬಳೆ ಮಾರುವ ಸೈಟು ಕಟ್ಟಲು ಶಾಪಿಫೈ ಒಳ್ಳೆಯದೋ ವೂಕಾಮರ್ಸ್ ಒಳ್ಳೆಯದೋ? ಗ್ರಾಹಕರು ಆನ್‌ಲೈನಿನಲ್ಲಿ ಕಟ್ಟಿದ ಹಣವನ್ನು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯವರು ಕೇಳುವ ಪಾಲಿಸಿ ಪುಟಗಳನ್ನು ಬೇರೆ ಸೈಟಿನಿಂದ ನಕಲು ಮಾಡಿದರೆ ಸಾಕೇ?

ಸಾಕಾಗುವುದಿಲ್ಲ. ನಾನು ಮಾಡಿದ್ದು ಅದನ್ನೇ, ಮತ್ತು ನಮ್ಮ ಮೊದಲ ದೀಪಾವಳಿಯ ಲಾಭವೆಲ್ಲ ಅದರಲ್ಲೇ ಹೋಯಿತು.

ಶಿವಮೊಗ್ಗದ ನಮ್ಮ ಮನೆಯಲ್ಲಿ ಅಮ್ಮ ಕರಿಯುತ್ತಾರೆ, ಪ್ಯಾಕಿಂಗ್ ಮತ್ತು ಸೈಟು ನನ್ನ ಪಾಲಿನವು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ವೂಕಾಮರ್ಸ್‌ನಲ್ಲಿ ಅಂಗಡಿ ಕಟ್ಟಿ, ಗೇಟ್‌ವೇಗೆ ಅರ್ಜಿ ಹಾಕಿದೆ. ಅವರು ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಹೆಸರು ಹೊಂದುತ್ತದೆಯೇ ಎಂದು ನೋಡಿದ್ದಲ್ಲದೆ ಸೈಟನ್ನೂ ತೆರೆದು ನೋಡಿ, ಸಂಪರ್ಕ, ನಿಯಮಗಳು, ಖಾಸಗಿತನ, ಹಣ ವಾಪಸಾತಿ, ಡೆಲಿವರಿ ಎಂಬ ಐದು ಪುಟಗಳಿಲ್ಲವೆಂದು ಅರ್ಜಿಯನ್ನು ಹಿಂದಕ್ಕೆ ಕಳುಹಿಸಿದರು. ಹಬ್ಬಕ್ಕೆ ಮೂರು ವಾರ ಉಳಿದಿತ್ತು. ಬಟ್ಟೆ ಅಂಗಡಿಯೊಂದರ ಪುಟಗಳನ್ನು ಒಂದೇ ಸಂಜೆಯಲ್ಲಿ ನಕಲು ಮಾಡಿ, ಅಂಗಡಿಯ ಹೆಸರನ್ನಷ್ಟೇ ಬದಲಿಸಿ ಹಾಕಿದೆ. ಅರ್ಜಿ ಮಂಜೂರಾಯಿತು. ಪುಟಗಳು ಇವೆಯೇ ಎಂದು ಅವರು ನೋಡಿದರೇ ಹೊರತು, ಅದರಲ್ಲಿರುವ ಮಾತನ್ನು ಚಕ್ಕುಲಿ ಮಾರುವವರು ನಡೆಸಿಕೊಡಬಲ್ಲರೇ ಎಂದು ನೋಡುವುದು ಅವರ ಕೆಲಸವಾಗಿರಲಿಲ್ಲ.

ನಕಲು ಮಾಡಿದ ಆ ಪುಟಗಳಲ್ಲಿ 'ಯಾವುದೇ ಕಾರಣಕ್ಕೆ 7 ದಿನಗಳೊಳಗೆ ಹಿಂತಿರುಗಿಸಬಹುದು' ಎಂಬ ಸಾಲಿತ್ತು. ಕಲಬುರಗಿಯ ಗ್ರಾಹಕರೊಬ್ಬರಿಗೆ ಎರಡು ಕಿಲೋ ಚಕ್ಕುಲಿ, ಒಂದು ಕಿಲೋ ಕೋಡುಬಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸಿದ್ದೆ. ಅವರು ವಾಟ್ಸ್ಯಾಪಿನಲ್ಲಿ ಹಾಕಿದ ಫೋಟೊದಲ್ಲಿ ಒಂದಾದರೂ ಇಡೀ ಸುತ್ತು ಉಳಿದಿರಲಿಲ್ಲ; ಕವರಿನ ತಳದಲ್ಲಿ ಎಳ್ಳು, ಜೀರಿಗೆ ಮತ್ತು ಪುಡಿ ಮಾತ್ರ ಕಾಣುತ್ತಿತ್ತು. ಅರ್ಧ ಹಣ ಕೊಡುತ್ತೇನೆಂದೆ. ಅವರು ನನ್ನದೇ ಪುಟದ ಚಿತ್ರ ಕಳುಹಿಸಿ ಪೂರ್ತಿ ಕೇಳಿದರು, ನಾನು ಒಪ್ಪದಿದ್ದಾಗ ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟರು. ಗೇಟ್‌ವೇಯವರು ಪುರಾವೆ ಕೇಳಿದಾಗ ನನ್ನ ಬಳಿ ಇದ್ದದ್ದು ಕೊರಿಯರ್ ರಸೀದಿ ಮತ್ತು ಅದೇ ಪಾಲಿಸಿ ಪುಟ. ಆ ಪುಟ ಗ್ರಾಹಕರ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಮುಂದಿನ ಜಮೆಯಲ್ಲಿ 1,660 ರೂಪಾಯಿ ಕಡಿತವಾಯಿತು. ಆ ಹಬ್ಬದಲ್ಲಿ ಹೀಗೆ ಹನ್ನೊಂದು ಪಾರ್ಸೆಲ್‌ಗಳ ಹಣ ಹೋಯಿತು, ತಿಂಡಿಯೂ ಹೋಯಿತು. ತಿರುಗಿ ಬಂದರೂ ಅದನ್ನು ಮತ್ತೊಬ್ಬರಿಗೆ ಮಾರಲಾಗುತ್ತದೆಯೇ?

ಅದೇ ಪುಟಗಳಲ್ಲಿ 'ಭಾರತದಾದ್ಯಂತ ಡೆಲಿವರಿ' ಎಂದೂ ಇತ್ತು. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆದರೆ ಸ್ವಂತ ಸೈಟಿನಿಂದ ಹೊರರಾಜ್ಯಕ್ಕೆ ಇಂಥ ತಿಂಡಿ ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಕಡ್ಡಾಯ. ಇದು ತಿಳಿದಾಗ ಪುಣೆಯ ನಾಲ್ಕು ಆರ್ಡರ್‌ಗಳನ್ನು ರದ್ದು ಮಾಡಿದೆ. ಗ್ರಾಹಕರಿಗೆ ಹಣವನ್ನೆಲ್ಲ ಮರಳಿಸಿದರೂ ಗೇಟ್‌ವೇ ತನ್ನ ಶುಲ್ಕವನ್ನು ನನಗೆ ಮರಳಿಸಲಿಲ್ಲ.

ಆದ್ದರಿಂದ ಶಾಪಿಫೈಯೋ ವೂಕಾಮರ್ಸೋ ಎಂಬ ನಿಮ್ಮ ಮೊದಲ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಕೊನೆಯದು. ಮನೆಯಲ್ಲಿ ಅಪ್‌ಡೇಟು, ಬ್ಯಾಕಪ್ಪು ನೋಡಿಕೊಳ್ಳುವವರಿದ್ದರೆ ವೂಕಾಮರ್ಸ್, ಇಲ್ಲದಿದ್ದರೆ ತಿಂಗಳ ಬಾಡಿಗೆ ಕೊಟ್ಟು ಶಾಪಿಫೈ. ಇಷ್ಟೇ. ಗೇಟ್‌ವೇಗಳ ಶುಲ್ಕದಲ್ಲಿರುವ ಸಣ್ಣ ವ್ಯತ್ಯಾಸಕ್ಕಾಗಿಯೂ ವಾರಗಟ್ಟಲೆ ಕೂರಬೇಡಿ. ಮೊದಲು ನಿಮ್ಮ ಅಡುಗೆಮನೆಯ ವಾರವನ್ನು ಕಾಗದದ ಮೇಲೆ ಬರೆಯಿರಿ. ಈಗ ನಮ್ಮ ಪುಟ ಹೀಗಿದೆ:

'ಶನಿವಾರ ಸಂಜೆ 6ರೊಳಗೆ ಬಂದ ಆರ್ಡರ್‌ಗಳನ್ನು ಮಂಗಳವಾರ ಕರಿದು, ಬುಧವಾರ ಕೊರಿಯರ್‌ಗೆ ಕೊಡುತ್ತೇವೆ. ಕರ್ನಾಟಕದೊಳಗೆ ಮಾತ್ರ ಕಳುಹಿಸುತ್ತೇವೆ. ತಿಂಡಿಯನ್ನು ಹಿಂದಕ್ಕೆ ಪಡೆಯುವುದಿಲ್ಲ. ಕಾಲು ಭಾಗಕ್ಕಿಂತ ಹೆಚ್ಚು ಮುರಿದಿದ್ದರೆ, ತಲುಪಿದ 24 ಗಂಟೆಯೊಳಗೆ ಡಬ್ಬಿಯ ಫೋಟೊ ಕಳುಹಿಸಿದವರಿಗೆ ಪೂರ್ತಿ ಹಣವನ್ನು 7 ಕೆಲಸದ ದಿನಗಳಲ್ಲಿ ಮರಳಿಸುತ್ತೇವೆ.'

ಬರೆದದ್ದನ್ನು ಸೈಟೂ ಪಾಲಿಸಬೇಕು. ವೂಕಾಮರ್ಸ್‌ನ Shipping zones ವಿಭಾಗದಲ್ಲಿ ಕರ್ನಾಟಕಕ್ಕೆ ಮಾತ್ರ ಡೆಲಿವರಿ ವಿಧಾನ ಕೊಟ್ಟು ಉಳಿದೆಡೆಗೆ ಖಾಲಿ ಬಿಟ್ಟರೆ, ಪುಣೆಯ ವಿಳಾಸ ಹಾಕಿದವರು ಹಣ ಕಟ್ಟುವ ಹಂತಕ್ಕೇ ಹೋಗಲಾಗುವುದಿಲ್ಲ.

ಮುರಿಯದಿರಲೆಂದು ಗಟ್ಟಿ ಡಬ್ಬಿಗೆ ಬದಲಾದಾಗ ಇನ್ನೊಂದು ಲೆಕ್ಕ ಕಲಿತೆ. ಕೊರಿಯರ್‌ನವರು ತೂಕದ ಜೊತೆಗೆ ಗಾತ್ರವನ್ನೂ ಅಳೆದು, ಹೆಚ್ಚು ಬಂದದ್ದಕ್ಕೆ ದುಡ್ಡು ಹಾಕುತ್ತಾರೆ. 30×25×20 ಸೆಂಟಿಮೀಟರಿನ ಪೆಟ್ಟಿಗೆಯ ಮೂರೂ ಅಳತೆಗಳನ್ನು ಗುಣಿಸಿ, ಬಂದದ್ದನ್ನು ಅವರು ಬಳಸುವ 5000 ಎಂಬ ಸಂಖ್ಯೆಯಿಂದ ಭಾಗಿಸಿದರೆ ಮೂರು ಕಿಲೋ ಆಗುತ್ತದೆ, ಒಳಗಿರುವ ಚಕ್ಕುಲಿ ಒಂದೇ ಕಿಲೋ ಇದ್ದರೂ ಸರಿ. ಹಾಗಾಗಿ ನಮ್ಮ ಪುಟದಲ್ಲಿ ಡೆಲಿವರಿ ಶುಲ್ಕ ಈಗ ಕಿಲೋ ಲೆಕ್ಕದಲ್ಲಿಲ್ಲ, ಪೆಟ್ಟಿಗೆಯ ಲೆಕ್ಕದಲ್ಲಿದೆ.