ರಿಸಲ್ಟ್‌ಗೆ ಮುಂಚೆ ಸ್ಟ್ರಾಡಲ್: ಷೇರು ಓಡಿದರೂ ನಷ್ಟ ಯಾಕೆ?

"ಇನ್ಫೋಸಿಸ್ ರಿಸಲ್ಟ್ ಹಿಂದಿನ ದಿನ ಸ್ಟ್ರಾಡಲ್ ತಗೊಂಡೆ. ಷೇರು 4% ಏರಿದರೂ ಲಾಸ್. ಸ್ಟ್ರಾಂಗಲ್ ತಗೋಬೇಕಿತ್ತಾ?"

ಸ್ಟ್ರಾಡಲ್ ಅಂದರೆ ಷೇರು ಏರಿದರೆ ಲಾಭ ಕೊಡುವ ಕಾಲ್, ಇಳಿದರೆ ಲಾಭ ಕೊಡುವ ಪುಟ್, ಎರಡು ಆಪ್ಶನ್‌ಗಳನ್ನೂ ಒಂದೇ ಸ್ಟ್ರೈಕ್ ಅಂದರೆ ನಿಗದಿತ ಬೆಲೆಯಲ್ಲಿ ಕೊಳ್ಳುವುದು; ಸ್ಟ್ರಾಂಗಲ್‌ನಲ್ಲಿ ಕಾಲ್ ಈಗಿನ ಬೆಲೆಗಿಂತ ಮೇಲಿನ ಸ್ಟ್ರೈಕ್‌ನದು, ಪುಟ್ ಕೆಳಗಿನದು. ಸ್ಟ್ರಾಂಗಲ್ ಆಗಿದ್ದರೆ ಹಾಕಿದ ದುಡ್ಡಿನ ಲೆಕ್ಕದಲ್ಲಿ ಏಟು ಇನ್ನೂ ಜೋರಾಗಿರುತ್ತಿತ್ತು. ಷೇರು 1500, ಎಕ್ಸ್‌ಪೈರಿಗೆ 6 ದಿನ, 1500ರ ಕಾಲ್ ಮತ್ತು ಪುಟ್ ಸೇರಿ 78 ರೂಪಾಯಿ ಅಂತಿಟ್ಟುಕೊಳ್ಳಿ. ಅಂದರೆ 5.2% ಚಲನೆಗೆ ನೀವು ಮೊದಲೇ ದುಡ್ಡು ಕೊಟ್ಟಾಯಿತು. ಮರುದಿನ ಷೇರು 1560ಕ್ಕೆ ಹೋದರೂ ಐವಿ, ಅಂದರೆ ಆಪ್ಶನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆ, ರಿಸಲ್ಟ್ ಮುಗಿದ ಮೇಲೆ 50%ರಿಂದ 25%ಕ್ಕೆ ಕುಸಿದರೆ ಜೋಡಿಯ ಬೆಲೆ ಸುಮಾರು 64. ಅದೇ ಲೆಕ್ಕದಲ್ಲಿ 1560 ಕಾಲ್, 1440 ಪುಟ್ಟಿನ ಸ್ಟ್ರಾಂಗಲ್ 32ರಿಂದ 18ಕ್ಕೆ ಇಳಿಯುತ್ತದೆ. ಅಗ್ಗ ನಿಜ, ಆದರೆ ಹಾಕಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು.

ಸ್ಟ್ರಾಡಲ್ ಬೆಲೆ ನ್ಯಾಯವಾಗಿದ್ದರೂ ಎಕ್ಸ್‌ಪೈರಿಯಲ್ಲಿ ಬ್ರೇಕ್‌ಈವನ್, ಅಂದರೆ ಕೊಟ್ಟ ದುಡ್ಡು ವಾಪಸ್ ಬರುವ ಮಟ್ಟ, ದಾಟುವ ಸಾಧ್ಯತೆ ಅಂದಾಜು 42% ಮಾತ್ರ. ಹಾಗಾಗಿ ಹಿಂದಿನ 8 ರಿಸಲ್ಟ್‌ಗಳ ಮರುದಿನದ ಚಲನೆಯನ್ನು ಏರಿಕೆಯೋ ಇಳಿಕೆಯೋ ನೋಡದೆ ಬರೆದಿಟ್ಟು, ಅವುಗಳ ಸರಾಸರಿ ಈ 5.2%ಗಿಂತ ಹೆಚ್ಚಿದ್ದರೆ ಮಾತ್ರ ಕೊಳ್ಳಿ.