ರೇಡಾರ್ ಚಾರ್ಟ್ ಬದಲು ಡಾಟ್ ಪ್ಲಾಟ್ ಯಾವಾಗ?

ಪ್ರಶ್ನೆ: ಇಬ್ಬರು ಅಭ್ಯರ್ಥಿಗಳ ಆರು ಕೌಶಲಗಳ ಅಂಕ ಹೋಲಿಸಲು ರೇಡಾರ್ ಚಾರ್ಟ್ ಸಾಕಲ್ಲವೇ?

ಸಾಲದು, ಡಾಟ್ ಪ್ಲಾಟ್ ಬಳಸಿ. ರೇಡಾರ್‌ನಲ್ಲಿ ಕೌಶಲಕ್ಕೊಂದು ಗೆರೆ ನಡುವಿನಿಂದ ಹೊರಕ್ಕೆ ಹೋಗುತ್ತದೆ, ಅವುಗಳ ಮೇಲಿನ ಅಂಕದ ಗುರುತುಗಳನ್ನು ಜೋಡಿಸಿದರೆ ಒಂದು ಆಕೃತಿಯಾಗುತ್ತದೆ. ಕಣ್ಣಿಗೆ ಮೊದಲು ಬೀಳುವುದು ಆ ಆಕೃತಿಯ ವಿಸ್ತೀರ್ಣ. ಅಕ್ಕಪಕ್ಕದ ಅಂಕಗಳನ್ನು ಗುಣಿಸಿ ಕೂಡಿದಂತೆ ಅದು ಹಿಗ್ಗುತ್ತದೆ, ಹಾಗಾಗಿ ಕೌಶಲಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೀರಿ ಎಂಬುದೇ ಚಿತ್ರವನ್ನು ಬದಲಿಸಿಬಿಡುತ್ತದೆ. ಒಬ್ಬರಿಗೆ ಮೂರರಲ್ಲಿ 9, ಮೂರರಲ್ಲಿ 3 ಅಂಕ ಬಂದಿದೆ ಎನ್ನಿ. 9ಗಳನ್ನು ಒಟ್ಟಿಗೆ ಇಟ್ಟರೆ ಆ ಮೊತ್ತ 234, ಒಂದು ಬಿಟ್ಟು ಒಂದು ಇಟ್ಟರೆ 162. ಅಂದರೆ ಅಂಕ ಒಂದೂ ಬದಲಾಗದೆ ವಿಸ್ತೀರ್ಣ 44% ಹೆಚ್ಚು!

ಡಾಟ್ ಪ್ಲಾಟ್‌ನಲ್ಲಿ ಕೌಶಲಕ್ಕೊಂದು ಸಾಲು, ಎಲ್ಲಕ್ಕೂ 0–10ರ ಒಂದೇ ಅಳತೆ, ಸಾಲಿಗೆ ಎರಡು ಬಣ್ಣದ ಎರಡು ಚುಕ್ಕಿ. ಚುಕ್ಕಿಗಳ ನಡುವಿನ ಅಂತರವೇ ವ್ಯತ್ಯಾಸ. ಅಂತರ ಹೆಚ್ಚಿರುವ ಸಾಲನ್ನು ಮೇಲಿಡಿ. ಐದಾರು ಜನರಾದರೆ ಚುಕ್ಕಿಗಳು ಒತ್ತೊತ್ತಾಗುತ್ತವೆ, ಆಗ ಒಬ್ಬೊಬ್ಬರಿಗೂ ಬೇರೆ ಚಿತ್ರ ಮಾಡಿ.