‘ನಿನ್ನ ಜಾಗ ಖಾಲಿ’

“ಪಕ್ಕದ ಮನೆಯ ಇರಾನಿ ಅಜ್ಜಿಯ ಹತ್ತಿರ ಅವರ ಯಜಮಾನರು ಅಹ್ವಾಜ್‌ನ ಎಣ್ಣೆ ಬಾವಿ ಕೆಲಸದಲ್ಲಿದ್ದಾಗ ಶಿರಾಜಿಗೆ ಬರೆದ ಕಾಗದವಿದೆ. ಕೆನಡಾದ ಮೊಮ್ಮಕ್ಕಳಿಗಾಗಿ ಇಂಗ್ಲಿಷಿಗೆ ಮಾಡಿಕೊಡುತ್ತಿದ್ದೇನೆ. ‘ನಿನಗೆ ಬಲಿಯಾಗುತ್ತೇನೆ’ ಅಂತೆಲ್ಲ ಇದೆ. ಹಾಗೇ ಬರೆದರೆ ಮಕ್ಕಳು ನಗುತ್ತಾರೆ, ಬಿಟ್ಟರೆ ಪ್ರೀತಿಯೇ ಹೋಗುತ್ತದೆ. ಏನು ಮಾಡಲಿ?”
— ಓದುಗರೊಬ್ಬರು, ಮೈಸೂರು

ನಿಮ್ಮ ಕಾಗದ ಓದಿ ತುಂಬ ಸಂತೋಷವಾಯಿತು. ಮೊದಲು ಆ ಬಲಿಯ ಮಾತು. ‘ಕೊರ್ಬಾನತ್ ಬೆರವಮ್’ ಅನ್ನುವುದನ್ನು ಇರಾನಿನಲ್ಲಿ ತಾಯಿ ಮಗುವಿಗೂ ಹೇಳುತ್ತಾಳೆ, ಫೋನ್ ಇಡುವಾಗ ಗೆಳೆಯರೂ ಹೇಳುತ್ತಾರೆ. ನಮ್ಮಲ್ಲಿ ಅಜ್ಜಿ ಮಗುವಿನ ಕೆನ್ನೆ ನೀವಿ ಲಟಿಕೆ ಮುರಿಯುತ್ತಾಳಲ್ಲ, ಹತ್ತಿರಹತ್ತಿರ ಅದೇ ಭಾವ. ಕಾಗದದ ಕೊನೆಯಲ್ಲಿ ಸಹಿಯ ಮೇಲೆ ಬರೀ ‘ಕೊರ್ಬಾನತ್’ ಅಂತಿದ್ದರೆ ಅದು ಬಳಸಿ ಸವೆದ ಮಾತು. ಅಲ್ಲಿ ‘ಯುವರ್ಸ್’ ಸಾಕು. ಆದರೆ ನಡುವೆ, ಅವಳ ಕೆಮ್ಮಿನ ಬಗ್ಗೆ ವಿಚಾರಿಸುತ್ತ ಹಾಗಂದಿದ್ದರೆ ಅದು ಜೀವಂತ. ಅಲ್ಲಿ ‘ಮೈ ಲೈಫ್’ ಅಂತ ಕರೆಯಲಿ. ಬಲಿ ಬೇಡ.

‘ಜಾತ್ ಖಾಲಿ’ ಮಾತ್ರ ಬಿಡಬೇಡಿ. ‘ನಿನ್ನ ಜಾಗ ಖಾಲಿ’ ಅಂತ. ನಮ್ಮ ‘ಖಾಲಿ’ಯೂ ಇದೂ ಒಂದೇ ಪದ, ಹಾಗಾಗಿ ನಮಗೆ ಕೇಳಿದ ಕೂಡಲೇ ಅರ್ಥ. ಚೆನ್ನಾಗಿರುವ ಏನನ್ನಾದರೂ ನೀನಿಲ್ಲದೆ ಅನುಭವಿಸಿದೆ ಎನ್ನುವಾಗ ಈ ಮಾತು ಬರುತ್ತದೆ. ‘ಜಾತ್ ಖಾಲಿ, ನಿನ್ನೆ ದಾಳಿಂಬೆ ತಿಂದೆವು’ ಅಂತ ಅವರು ಬರೆದಿದ್ದಾರೆ ಅಂದುಕೊಳ್ಳಿ. ‘ಐ ಮಿಸ್ಡ್ ಯೂ’ ಅಂದುಬಿಟ್ಟರೆ ದಾಳಿಂಬೆ ಬೇರೆ, ಹೆಂಡತಿ ಬೇರೆ ಆಗುತ್ತಾರೆ. ‘ವಿ ಹ್ಯಾಡ್ ಪಾಮಗ್ರನೆಟ್ಸ್ ಯೆಸ್ಟರ್ಡೇ, ಅಂಡ್ ಯೂ ವರ್ ನಾಟ್ ದೇರ್’ ಅನ್ನಿ. ಎರಡೂ ಒಂದೇ ವಾಕ್ಯದಲ್ಲಿರಲಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ನನಗೆ ಅದೇ ಮುಖ್ಯ. ಪಾರಸಿಯಲ್ಲಿ ‘ಶೊಮಾ’ ಅಂದರೆ ನೀವು, ‘ತೊ’ ಅಂದರೆ ನೀನು. ಕ್ಷೇಮಸಮಾಚಾರದ ಸಾಲುಗಳಲ್ಲಿ ‘ಶೊಮಾ’ ಇಟ್ಟು, ಮನಸ್ಸು ಬಿಚ್ಚುವಲ್ಲಿ ‘ತೊ’ಗೆ ಇಳಿದಿದ್ದಾರಾ ನೋಡಿ. ಕ್ರಿಯಾಪದದ ಕೊನೆಯೇ ಹೇಳುತ್ತದೆ: ‘ಈದ್’ ಇದ್ದರೆ ನೀವು, ಬರೀ ‘ಈ’ ಇದ್ದರೆ ನೀನು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಯೂ’ ಒಂದೇ, ಆ ಹೆಜ್ಜೆ ಕಾಣುವುದೇ ಇಲ್ಲ. ನಾನು ಮಾಡುವುದು ಇಷ್ಟು: ಮೊದಲ ಭಾಗದಲ್ಲಿ ‘ಐ ಆಮ್ ವೆಲ್’, ‘ಐ ಡು ನಾಟ್’ ಎಂದು ಪೂರ್ತಿ ಬರೆಯುತ್ತೇನೆ. ‘ತೊ’ ಬಂದ ಸಾಲಿನಿಂದ ‘ಐಮ್’, ‘ಡೋಂಟ್’ ಶುರು. ಧ್ವನಿ ತಗ್ಗಿದ್ದು ಓದುವವರ ಕಿವಿಗೆ ಗೊತ್ತಾಗುತ್ತದೆ.

ಮುಗಿದ ಮೇಲೆ ಅಜ್ಜಿಯ ಹತ್ತಿರ ಕೂತು, ನಿಮ್ಮ ಇಂಗ್ಲಿಷನ್ನು ಸಾಲುಸಾಲಾಗಿ ಪಾರಸಿಯಲ್ಲಿ ಬಾಯಲ್ಲೇ ಹೇಳಿ. ಮೂಲ ಕಾಗದ ಕೈಯಲ್ಲಿರಬಾರದು. “ಅವರು ಹೀಗೆ ಮಾತಾಡುತ್ತಿರಲಿಲ್ಲ” ಅಂತ ಎಲ್ಲಿ ಅನ್ನುತ್ತಾರೋ ಆ ಸಾಲು ಮತ್ತೆ ಬರೆಯಿರಿ.